ಬಿಸಿಲಲ್ಲಿ ಹೆಲ್ಮೆಟ್ ತಲೆ ಮೇಲೆ ಉಳಿಯಬೇಕಾದರೆ: ಸೈಟಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತೆ ಅನ್ನುತ್ತಾರಲ್ಲ, ಅದಾದ ಎರಡೇ ವಾರಕ್ಕೆ ನಮ್ಮ ಸೈಟಿನಲ್ಲಿ ಹೆಲ್ಮೆಟ್‌ಗಳು ತಲೆಯಿಂದ ಇಳಿಯೋಕೆ ಶುರುವಾಗುತ್ತವೆ. ಒಂದು ಕಂಬಿಗೆ ನೇತು ಹಾಕಿರುತ್ತೆ, ಇನ್ನೊಂದು ಸಿಮೆಂಟ್ ಚೀಲದ ಮೇಲೆ ಕೂತಿರುತ್ತೆ. ನಾನು ಶಿವಮೊಗ್ಗದಲ್ಲಿ ಮನೆ, ಸಣ್ಣ ಅಂಗಡಿ ಕಟ್ಟಡಗಳ ಕೆಲಸ ನೋಡಿಕೊಳ್ಳುವವನು. ಬೈದು ಹಾಕಿಸುವುದನ್ನು ಹಲವು ವರ್ಷ ಮಾಡಿದೆ. ಬೈದಾಗ ಹಾಕುತ್ತಾರೆ, ಬೆನ್ನು ತಿರುಗಿಸಿದರೆ ತೆಗೆಯುತ್ತಾರೆ. ಆಮೇಲೆ ಯಾಕೆ ತೆಗೆಯುತ್ತಾರೆ ಅಂತ ಒಬ್ಬೊಬ್ಬರ ಹೆಲ್ಮೆಟ್ ಕೈಗೆ ತೆಗೆದುಕೊಂಡು ನೋಡಿದೆ. ಹೆಚ್ಚಿನ ಕಾರಣಗಳು ಹೆಲ್ಮೆಟ್ ಒಳಗೇ ಇದ್ದವು. ಮೇಸ್ತ್ರಿಗಳು, ಕೆಲಸದವರು, ಮನೆ ಕಟ್ಟಿಸುವವರು ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ.

ಹೆಲ್ಮೆಟ್ ಒಳಗೆ ಅಷ್ಟೊಂದು ಸೆಕೆ ಆಗೋದು ಯಾಕೆ?

ಹೆಲ್ಮೆಟ್ ಅಂದರೆ ತಲೆ ಮೇಲೆ ಬೋರಲು ಹಾಕಿದ ಪಾತ್ರೆ. ತಲೆಯ ಬಿಸಿ ಮೇಲೆ ಏರುತ್ತೆ, ಚಿಪ್ಪಿನ ಒಳಮೈಗೆ ತಾಗಿ ಅಲ್ಲೇ ನಿಲ್ಲುತ್ತೆ. ಹೊರಗಿನಿಂದ ಬಿಸಿಲು ಚಿಪ್ಪನ್ನು ಕಾಯಿಸುತ್ತೆ. ನಡುವೆ ಬೆವರಿನ ಹಬೆ ತುಂಬಿಕೊಳ್ಳುತ್ತೆ.

ಮೈ ತಂಪಾಗುವುದು ಬೆವರು ಬರುವುದರಿಂದಲ್ಲ, ಬಂದ ಬೆವರು ಆರುವುದರಿಂದ. ಗಾಳಿ ಆಡದ ಕಡೆ ಬೆವರು ಆರುವುದಿಲ್ಲ, ಸುಮ್ನೆ ಹನಿಯಾಗಿ ಹಣೆಗೆ ಇಳಿಯುತ್ತೆ. ಕಣ್ಣಿಗೆ ಹೋಗಿ ಉರಿಯುತ್ತೆ. ಸಾರ್ವೆ ಮೇಲೆ ನಿಂತು ಎರಡೂ ಕೈಯಲ್ಲಿ ಕೆಲಸ ಮಾಡುವವನಿಗೆ ಕಣ್ಣು ಉರಿ ಬಂದರೆ ಅವನು ಮೊದಲು ಮಾಡುವ ಕೆಲಸವೇ ಹೆಲ್ಮೆಟ್ ತೆಗೆಯುವುದು. ಅವನನ್ನು ದೂರಿ ಉಪಯೋಗವಿಲ್ಲ.

ಹಾಗಾಗಿ ಸರಿಮಾಡಬೇಕಾದದ್ದು ಎರಡು: ಒಳಗೆ ಗಾಳಿ ಓಡಾಡಬೇಕು, ಬೆವರು ಕಣ್ಣಿಗೆ ಇಳಿಯಬಾರದು. ಗಾಳಿ ಓಡಾಡುವುದಕ್ಕೆ ಹೆಲ್ಮೆಟ್ ಮಾಡುವವರು ಮೊದಲೇ ಜಾಗ ಬಿಟ್ಟಿರುತ್ತಾರೆ. ನಾವು ಅದನ್ನೇ ಮುಚ್ಚಿಬಿಡುತ್ತೇವೆ.

ಯಾವ ಜಾಗ ಅದು?

ಹೆಲ್ಮೆಟ್ ತಿರುಗಿಸಿ ಒಳಗೆ ನೋಡಿ. ತಲೆಯ ಸುತ್ತ ಬರುವ ಒಂದು ಒಳಪಟ್ಟಿ ಇದೆ. ನೆತ್ತಿಯ ಮೇಲೆ ದಾಟಿ ಹೋಗುವ ಅಡ್ಡಪಟ್ಟಿಗಳಿವೆ, ಕೆಲವದರಲ್ಲಿ ನಾಲ್ಕು ಕಡೆ ಸಿಕ್ಕಿಸಿರುತ್ತೆ, ಕೆಲವದರಲ್ಲಿ ಆರು ಕಡೆ. ನಿಮ್ಮ ತಲೆ ಈ ಪಟ್ಟಿಗಳ ಮೇಲೆ ಕೂರುತ್ತೆ, ಚಿಪ್ಪಿಗೆ ತಾಗುವುದಿಲ್ಲ. ಪಟ್ಟಿಗೂ ಚಿಪ್ಪಿಗೂ ನಡುವೆ ನೆತ್ತಿಯಲ್ಲಿ ಸುಮಾರು 25ರಿಂದ 30 ಮಿಲಿಮೀಟರ್, ಅಂದರೆ ಎರಡು ಬೆರಳು ಅಗಲದಷ್ಟು ಜಾಗ ಖಾಲಿ ಇರುತ್ತೆ.

ಈ ಖಾಲಿ ಜಾಗಕ್ಕೆ ಎರಡು ಕೆಲಸ. ಮೇಲಿಂದ ಇಟ್ಟಿಗೆ ಬಿದ್ದರೆ ಚಿಪ್ಪು ಕೆಳಗೆ ಜಗ್ಗುತ್ತೆ, ಪಟ್ಟಿಗಳು ಹಿಗ್ಗುತ್ತವೆ, ಪೆಟ್ಟಿನ ಜೋರು ಆ ಜಗ್ಗುವಿಕೆಯಲ್ಲೇ ಕರಗುತ್ತೆ. ಜಗ್ಗೋಕೆ ಜಾಗ ಇಲ್ಲದಿದ್ದರೆ ಪೆಟ್ಟು ನೇರ ತಲೆಬುರುಡೆಗೆ, ಕತ್ತಿಗೆ. ಎರಡನೆಯದು ಗಾಳಿ. ಅಂಚಿನಿಂದ ಒಳಬಂದ ಗಾಳಿ ಓಡಾಡುವುದು ಇದೇ ಜಾಗದಲ್ಲಿ. ಟವೆಲ್, ಬೀಡಿ ಕಟ್ಟು, ಮೊಬೈಲ್, ಊಟದ ದುಡ್ಡು, ಹೀಗೆ ಅಲ್ಲಿ ಏನು ತುರುಕಿದರೂ ಎರಡೂ ಕೆಲಸ ಕೆಡುತ್ತೆ.

ಟವೆಲ್ ಮಡಚಿ ಒಳಗೆ ಇಟ್ಟರೆ ಬೆವರು ಹೀರುತ್ತಲ್ಲ, ತಪ್ಪೇನು?

ಇದಕ್ಕೆ ನಮ್ಮ ಸೈಟಿನದೇ ಒಂದು ಸಂಗತಿ ಹೇಳುತ್ತೇನೆ.

ಗೋಪಾಳದ ಕಡೆ ಒಂದು ಮನೆಯ ಎರಡನೇ ಮಹಡಿಯ ಮೋಲ್ಡಿಗೆ ಕಂಬಿ ಕಟ್ಟುತ್ತಿದ್ದೆವು. ಏಪ್ರಿಲ್ ಮೊದಲ ವಾರ. ಆ ದಿನಗಳಲ್ಲಿ ಇಲ್ಲಿ ಮಧ್ಯಾಹ್ನ 36-37 ಡಿಗ್ರಿ ಮಾಮೂಲು. ಕಂಬಿಗೆ ಕೈ ತಾಗಿಸೋಕೆ ಆಗಲ್ಲ, ಕೆಳಗಿನ ಸೆಂಟ್ರಿಂಗ್ ಶೀಟುಗಳಿಂದ ಝಳ ಮೇಲಕ್ಕೆ ಹೊಡೆಯುತ್ತೆ. ನಮ್ಮ ಬಾರ್ ಬೆಂಡಿಂಗ್ ಮೇಸ್ತ್ರಿ ನನಗಿಂತ ವಯಸ್ಸಿನಲ್ಲಿ ದೊಡ್ಡವರು, ನಾನು ಅಣ್ಣ ಅಂತಲೇ ಕರೆಯೋದು. ಹನ್ನೊಂದು ಗಂಟೆಯಿಂದ ಅವರು ಹೆಲ್ಮೆಟ್ ಎತ್ತೋದು, ಒರೆಸಿಕೊಳ್ಳೋದು, ಮತ್ತೆ ಇಡೋದು. ಐದೈದು ನಿಮಿಷಕ್ಕೆ ಇದೇ. ಊಟದ ಹೊತ್ತಿಗೆ ತಲೆನೋವು ಅಂತ ಕೂತರು. ಹಣೆಯ ಮೇಲೆ ಅಡ್ಡಲಾಗಿ ಒಂದು ಕೆಂಪು ಗೆರೆ, ಬಳೆ ಒತ್ತಿದ ಹಾಗೆ.

"ಅಣ್ಣ, ಹೆಲ್ಮೆಟ್ ಕೊಡಿ ಇಲ್ಲಿ" ಅಂದೆ. ಒಳಗೆ ನೋಡಿದರೆ ಬೈರಾಸನ್ನು ನಾಲ್ಕು ಮಡಿಕೆ ಮಾಡಿ ಅಡ್ಡಪಟ್ಟಿಗಳ ಮೇಲೆ, ಚಿಪ್ಪಿಗೆ ಒತ್ತಿ ತುಂಬಿದ್ದರು. ಹಿಂಡಿದರೆ ನೀರು ಸುರಿಯಿತು. ಬೆಳಿಗ್ಗೆ ಒದ್ದೆ ಮಾಡಿ ಇಟ್ಟ ನೀರಲ್ಲ, ಪೂರ್ತಿ ಬೆವರು. ಬಿಸಿಯಾಗಿತ್ತು. ಹಣೆ ಕಡೆಯ ರೆಕ್ಸಿನ್ ಪಟ್ಟಿ ಒಣಗಿ ಸೀಳು ಬಿಟ್ಟು ಅಂಚು ಚೂಪಾಗಿತ್ತು. ಬಟ್ಟೆ ತುಂಬಿದ್ದರಿಂದ ಹೆಲ್ಮೆಟ್ ತಲೆ ಮೇಲೆ ಎತ್ತರಕ್ಕೆ ಕೂತು ಅಲ್ಲಾಡುತ್ತಿತ್ತು. ಅಲ್ಲಾಡುತ್ತೆ ಅಂತ ಹಿಂದಿನ ತಿರುಪನ್ನು ಅವರು ಕೊನೆಯವರೆಗೆ ಬಿಗಿ ಮಾಡಿದ್ದರು. ಗೆರೆ ಬಂದದ್ದು, ತಲೆನೋವು ಬಂದದ್ದು ಅದರಿಂದ. ಸೆಕೆ ತಪ್ಪಿಸೋಕೆ ಇಟ್ಟ ಬಟ್ಟೆಯೇ ಗಾಳಿ ನಿಲ್ಲಿಸಿತ್ತು.

ಮಾಡಿದ್ದು ಇಷ್ಟು. ಬೈರಾಸು ತೆಗೆದೆವು. ತಿರುಪು ಪೂರ್ತಿ ಸಡಿಲ ಮಾಡಿ, ಹೆಲ್ಮೆಟ್ ಇಟ್ಟು, ಬಗ್ಗಿದರೆ ಬೀಳದ ಮಟ್ಟಕ್ಕೆ ಮಾತ್ರ ಬಿಗಿ ಮಾಡಿದೆವು. ಹಣೆಗೂ ಪಟ್ಟಿಗೂ ನಡುವೆ ಒಂದು ಬೆರಳು ಕಷ್ಟವಿಲ್ಲದೆ ತೂರಬೇಕು, ಅದು ಅಳತೆ. ಬಗ್ಗಿ ಕಂಬಿ ಕಟ್ಟುವ ಕೆಲಸವಾದ್ದರಿಂದ ಗಲ್ಲದ ಪಟ್ಟಿ ಹಾಕಿಸಿದೆ. ಅಲ್ಲಾಡುವುದನ್ನು ತಡೆಯೋದು ಗಲ್ಲದ ಪಟ್ಟಿಯ ಕೆಲಸ, ಹಣೆ ಹಿಂಡಿ ತಡೆಯಬಾರದು. ರೆಕ್ಸಿನ್ ಪಟ್ಟಿ ಕಿತ್ತು, ಅದೇ ಕಂಪನಿಯ ಹೆಲ್ಮೆಟ್ಟಿಗೆ ಸಿಗುವ ಬಟ್ಟೆಯ ಸ್ವೆಟ್ ಬ್ಯಾಂಡ್ ತಂದು ಸಿಕ್ಕಿಸಿದೆವು. ಮಾರನೇ ದಿನ ಒಂದು ತೆಳು ಹತ್ತಿ ಟೋಪಿ ಒಳಗೆ.

ಎರಡು ದಿನ ಬಿಟ್ಟು ಅದೇ ಹೊತ್ತಿಗೆ ನೋಡಿದೆ. ಸೆಕೆ ಅಂತ ಆಗಲೂ ಹೇಳಿದರು, ಅದು ಇದ್ದೇ ಇತ್ತು. ಆದರೆ ಹೆಲ್ಮೆಟ್ ಎತ್ತುವುದು ಗಂಟೆಗೆ ಎರಡು ಮೂರು ಸಲಕ್ಕೆ ಇಳಿದಿತ್ತು. ತಲೆನೋವು ಬರಲಿಲ್ಲ.

ಹಾಗಾದರೆ ಹೆಲ್ಮೆಟ್ ಒಳಗೆ ಟೋಪಿ ಹಾಕಬಹುದಾ? ಯಾವ ಥರದ್ದು?

ಹಾಕಬಹುದು. ಲೈನರ್ ಅಂತ ಮಾರುವುದು ಇದನ್ನೇ. ತಲೆಗೆ ಅಂಟಿ ಕೂರುವ ತೆಳು ಟೋಪಿ. ಅದು ತಲೆಗೂ ಪಟ್ಟಿಗೂ ನಡುವೆ ಇರಬೇಕು, ಪಟ್ಟಿಗೂ ಚಿಪ್ಪಿಗೂ ನಡುವೆ ಹೋಗಲೇಬಾರದು. ಒಂದೇ ಪದರ ಬಟ್ಟೆ, ನೆತ್ತಿಯಲ್ಲಿ ದಪ್ಪ ಹೊಲಿಗೆ ಅಥವಾ ಗುಂಡಿ ಇರಬಾರದು, ಮುಂದೆ ಚೂಪು ಅಂಚಿನ ಕ್ಯಾಪ್ ಬೇಡವೇ ಬೇಡ. ಟೋಪಿ ಹಾಕಿದ ಮೇಲೆ ತಿರುಪನ್ನು ಹೊಸದಾಗಿ ಹೊಂದಿಸಬೇಕು.

ಹತ್ತಿಯದು ಬೆವರನ್ನು ಜಾಸ್ತಿ ಹೀರುತ್ತೆ, ನಿಧಾನ ಒಣಗುತ್ತೆ. ಬನಿಯನ್ ಬಟ್ಟೆಯ ಥರ ಮೆತ್ತಗಿರುತ್ತೆ, ತಲೆ ಕೆರೆಯುವುದಿಲ್ಲ. ಕ್ರೀಡಾ ಟಿ-ಶರ್ಟಿನ ಥರದ ಜಾಲರಿ ಪಾಲಿಯೆಸ್ಟರ್ ಕಡಿಮೆ ಹೀರುತ್ತೆ, ಆದರೆ ಬೆವರನ್ನು ಹರಡಿ ಬೇಗ ಆರಿಸುತ್ತೆ. ಬೆಸುಗೆ, ಗ್ರೈಂಡಿಂಗ್ ಮಾಡುವವರಿಗೆ ಪಾಲಿಯೆಸ್ಟರ್ ಬೇಡ, ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತೆ. ನಾನು ಗಾರೆ, ಕಂಬಿ ಕೆಲಸದವರಿಗೆ ಒಬ್ಬೊಬ್ಬರಿಗೆ ಎರಡು ಹತ್ತಿ ಟೋಪಿ ಕೊಡುತ್ತೇನೆ. ಬೆಳಿಗ್ಗೆ ಒಂದು, ಊಟದ ನಂತರ ಒಂದು. ಒಂದೇ ಟೋಪಿಯನ್ನು ದಿನವಿಡೀ ಹಾಕಿದರೆ ಮೂರು ಗಂಟೆ ಹೊತ್ತಿಗೆ ಅದೂ ಆ ಬೈರಾಸಿನ ಗತಿಯೇ.

ಕತ್ತಿನ ಹಿಂದೆ ಇಳಿಬಿಡುವ ಬಟ್ಟೆ ಇರುವ ಟೋಪಿ ಮೋಲ್ಡಿನ ಮೇಲೆ ಬಗ್ಗಿ ಕೆಲಸ ಮಾಡುವವರಿಗೆ ಒಳ್ಳೆಯದು, ಅವರಿಗೆ ಬಿಸಿಲು ಹೊಡೆಯುವುದು ಕತ್ತಿಗೇ. ಮಿಕ್ಸರ್ ಹತ್ತಿರ, ತಿರುಗುವ ಮೆಷಿನ್ ಹತ್ತಿರ ಮಾತ್ರ ಅದು ಬೇಡ.

ಟೋಪಿಯನ್ನು ಒದ್ದೆ ಮಾಡಿ ಹಾಕಿದರೆ ತಂಪು ಇರುತ್ತಾ?

ಇರುತ್ತೆ, ಆದರೆ ಎಲ್ಲ ತಿಂಗಳಲ್ಲೂ ಅಲ್ಲ. ಮಣ್ಣಿನ ಹೂಜಿ ಮಾರ್ಚಿನಲ್ಲಿ ನೀರನ್ನು ಎಷ್ಟು ತಂಪು ಮಾಡುತ್ತೆ, ಮಳೆಗಾಲದಲ್ಲಿ ಯಾಕೆ ಮಾಡಲ್ಲ? ಅದೇ ಲೆಕ್ಕ. ಗಾಳಿ ಒಣಗಿದ್ದರೆ ನೀರು ಬೇಗ ಆರುತ್ತೆ, ಆರುವಾಗ ಬಿಸಿಯನ್ನು ಎಳೆದುಕೊಳ್ಳುತ್ತೆ. ಮಾರ್ಚ್, ಏಪ್ರಿಲ್‌ನಲ್ಲಿ ಶಿವಮೊಗ್ಗದ ಮಧ್ಯಾಹ್ನದ ಗಾಳಿ ಒಣಗಿರುತ್ತೆ, ಒದ್ದೆ ಟೋಪಿ ಚೆನ್ನಾಗಿ ಕೆಲಸ ಮಾಡುತ್ತೆ. ಮೇ ತಿಂಗಳಲ್ಲಿ ಒಂದೆರಡು ಮಳೆ ಬಿದ್ದು ಮತ್ತೆ ಬಿಸಿಲು ಬರುತ್ತಲ್ಲ, ಆ ಬೇಯಿಸುವ ಸೆಕೆಯಲ್ಲಿ ಇದರ ಉಪಯೋಗ ಬಹಳ ಕಡಿಮೆ. ತೀರ್ಥಹಳ್ಳಿ, ಹೊಸನಗರದ ಕಡೆ ಮರಗಳ ನಡುವೆ ಗಾಳಿಯಾಡದ ಸೈಟಿನಲ್ಲಿ ಇನ್ನೂ ಕಡಿಮೆ.

ತಿಳಿಯೋದು ಸುಲಭ. ನೀರು ತೊಟ್ಟಿಕ್ಕದ ಹಾಗೆ ಹಿಂಡಿ ಟೋಪಿ ಹಾಕಿ. ಅರ್ಧ ಗಂಟೆ ಬಿಟ್ಟು ತೆಗೆದು ಕೈಯಲ್ಲಿ ಹಿಡಿಯಿರಿ. ಒದ್ದೆ ಕಡಿಮೆಯಾಗಿ ತಣ್ಣಗಿದ್ದರೆ ಅದು ಕೆಲಸ ಮಾಡುತ್ತಿದೆ, ಮತ್ತೆ ಅದ್ದಿ ಹಾಕಿ. ಅಷ್ಟೇ ಒದ್ದೆಯಾಗಿದ್ದು ಬೆಚ್ಚಗಾಗಿದ್ದರೆ ಬಿಸಿ ಪಟ್ಟು ಕಟ್ಟಿಕೊಂಡ ಹಾಗೆ. ಒಣ ಟೋಪಿಯೇ ವಾಸಿ, ಅಥವಾ ಬರೀ ಬ್ಯಾಂಡ್ ಸಾಕು.

ಸ್ವೆಟ್ ಬ್ಯಾಂಡ್ ಎಂಥದ್ದು ತಗೋಬೇಕು?

ಕಡಿಮೆ ಬೆಲೆಯ ಹೆಲ್ಮೆಟ್ ಜೊತೆ ಬರುವುದು ರೆಕ್ಸಿನ್ ಹೊದಿಸಿದ ಸ್ಪಂಜು. ರೆಕ್ಸಿನ್ ಬೆವರನ್ನು ಹೀರುವುದಿಲ್ಲ, ಅದರಲ್ಲಿರುವ ಸಣ್ಣ ತೂತುಗಳು ಕೊಳೆಗೆ ಮುಚ್ಚಿಹೋಗುತ್ತವೆ. ಮೊದಲ ತಿಂಗಳು ಮೆತ್ತಗಿರುತ್ತೆ, ಆಮೇಲೆ ಉಪ್ಪು ಕಟ್ಟಿ ಗಟ್ಟಿಯಾಗುತ್ತೆ. ಟರ್ಕಿ ಟವೆಲ್ ಬಟ್ಟೆಯ ಬ್ಯಾಂಡ್ ಇದಕ್ಕಿಂತ ಎಷ್ಟೋ ಮೇಲು. ಬಿಚ್ಚಿ ಒಗೆದು ಮತ್ತೆ ಹಾಕುವಂಥದ್ದು ಇರಬೇಕು.

ಆದರೆ ಒಂದು ಮಾತು ತಿಳಿದಿರಲಿ: ಬ್ಯಾಂಡ್ ತಂಪು ಮಾಡುವುದಿಲ್ಲ, ಬೆವರನ್ನು ತಡೆದು ನಿಲ್ಲಿಸುತ್ತೆ ಅಷ್ಟೆ. ಅದರ ಹೊಟ್ಟೆ ತುಂಬಿದ ಮೇಲೆ ಒಮ್ಮೆಲೇ ಕಣ್ಣಿಗೆ ಇಳಿಸುತ್ತೆ. ಹಾಗಾಗಿ ತುಂಬುವ ಮೊದಲೇ ಹಿಂಡಬೇಕು. ನಮ್ಮಲ್ಲಿ ಚಹಾಕ್ಕೆ ಕೆಳಗಿಳಿದಾಗ ಬ್ಯಾಂಡ್ ಹಿಂಡೋದು ರೂಢಿಯಾಗಿದೆ.

ಹೊಸ ಬ್ಯಾಂಡ್ ನೀರೇ ಹೀರುತ್ತಿಲ್ಲ ಅಂತ ಒಬ್ಬ ಹುಡುಗ ತಂದು ತೋರಿಸಿದ. ಬ್ಯಾಂಡಿನ ಮೇಲೆ ಒಂದು ಹನಿ ನೀರು ಬಿಟ್ಟೆ. ಕೆಸುವಿನೆಲೆ ಮೇಲಿನ ಹನಿ ಹಾಗೆ ಉಂಡೆಯಾಗಿ ನಿಂತಿತು. ಬೆಳಿಗ್ಗೆ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಬರುತ್ತಿದ್ದ, ಎಣ್ಣೆ ಬಟ್ಟೆಗೆ ಇಳಿದಿತ್ತು. ಬಿಸಿನೀರಲ್ಲಿ ಸೋಪು ಹಾಕಿ ನೆನೆಸಿ ಒಗೆದ ಮೇಲೆ ಸರಿಹೋಯಿತು. ಎಣ್ಣೆ ಹಚ್ಚುವುದಿದ್ದರೆ ರಾತ್ರಿ ಹಚ್ಚಿ, ಬೆಳಿಗ್ಗೆ ತಲೆ ಒರೆಸಿ ಬನ್ನಿ.

ಮನೆಯಲ್ಲೇ ಬ್ಯಾಂಡ್ ಹೊಲಿಸಿಕೊಳ್ಳಬಹುದಾ?

ಹೆಲ್ಮೆಟ್ ಕಂಪನಿಯದ್ದೇ ಸಿಕ್ಕರೆ ಅದನ್ನೇ ಹಾಕಿ, ಸಿಕ್ಕಿಸುವ ತೂತುಗಳು ಸರಿ ಹೊಂದುತ್ತವೆ. ಸಿಗದಿದ್ದರೆ ಒಳಪಟ್ಟಿಯ ಮುಂಭಾಗಕ್ಕೆ ಮಾತ್ರ, ಕಣತಲೆಯಿಂದ ಕಣತಲೆಗೆ ಬರುವಷ್ಟು ಟರ್ಕಿ ಬಟ್ಟೆ ಸುತ್ತಿ ಹೊಲಿಯಬಹುದು. ಎರಡು ಪದರ ಸಾಕು. ಅಡ್ಡಪಟ್ಟಿ ಸಿಕ್ಕಿಸಿದ ಜಾಗಗಳನ್ನು ಹೊಲಿಗೆ ಎಳೆಯಬಾರದು, ಪಿನ್ನು, ತಂತಿ ಯಾವುದೂ ಬೇಡ.

ತೂತು ಇರುವ ಹೆಲ್ಮೆಟ್ ಕೊಂಡರೆ ಸೆಕೆ ಕಡಿಮೆ ಆಗುತ್ತಾ?

ಸ್ವಲ್ಪ ಆಗುತ್ತೆ. ಜನ ಅಂದುಕೊಂಡಷ್ಟಿಲ್ಲ. ಒಂದು ಲೆಕ್ಕ ಹಾಕಿ ನೋಡೋಣ. ಯೂರೋಪಿನ ಇಎನ್ 397 ಮಾನಕದಲ್ಲಿ ಹೆಲ್ಮೆಟ್ಟಿನ ಗಾಳಿ ತೂತುಗಳೆಲ್ಲ ಸೇರಿ 150ರಿಂದ 450 ಚದರ ಮಿಲಿಮೀಟರ್ ಇರಬೇಕು ಅಂತಿದೆ. ಜಾಸ್ತಿ ಅಂದರೂ 450. ಈಗ ಹೆಲ್ಮೆಟ್ಟಿನ ಕೆಳ ಅಂಚು ನೋಡಿ. ತಲೆಯ ಸುತ್ತಳತೆ ಸುಮಾರು 600 ಮಿಲಿಮೀಟರ್. ನನ್ನ ಹೆಲ್ಮೆಟ್ಟಿನಲ್ಲಿ ಒಳಪಟ್ಟಿಗೂ ಚಿಪ್ಪಿಗೂ ನಡುವೆ ಸುತ್ತಲೂ ಸರಾಸರಿ 6 ಮಿಲಿಮೀಟರ್ ಸಂದು ಇದೆ. ಗುಣಿಸಿದರೆ 3600 ಚದರ ಮಿಲಿಮೀಟರ್. ಎಲ್ಲ ತೂತುಗಳ ಎಂಟರಷ್ಟು. ನಿಮ್ಮ ಹೆಲ್ಮೆಟ್ಟಿನ ದೊಡ್ಡ ಕಿಟಕಿ ಅದರ ಅಂಚೇ. ಕಿವಿ ಮೇಲೆ ಟವೆಲ್ ಸುತ್ತಿ ಅದರ ಮೇಲೆ ಹೆಲ್ಮೆಟ್ ಇಟ್ಟರೆ ಆ ಕಿಟಕಿಯನ್ನು ಪೂರ್ತಿ ಮುಚ್ಚಿದ ಹಾಗೆ, ಆಮೇಲೆ ಎಷ್ಟು ತೂತಿದ್ದರೂ ಅಷ್ಟೇ.

ತೂತಿನಿಂದ ಬೇರೆ ಒಂದು ಉಪಯೋಗ ಇದೆ. ಬಿಸಿ ಗಾಳಿ ಮೇಲೆ ಏರುತ್ತೆ, ಹೋಗೋಕೆ ದಾರಿ ಬೇಕು. ನೆತ್ತಿಯ ಹತ್ತಿರ ತೂತಿದ್ದರೆ ಕೆಳ ಅಂಚಿನಿಂದ ಬಂದ ಗಾಳಿ ಅಲ್ಲಿಂದ ಹೊರಗೆ ಹೋಗುತ್ತೆ, ಮಾಡಿನ ಗವಾಕ್ಷಿ ಹಾಗೆ. ಬರೀ ಪಕ್ಕದಲ್ಲಿ, ಕೆಳಗೆ ತೂತಿದ್ದರೆ ಅಷ್ಟು ಲಾಭವಿಲ್ಲ. ಮುಚ್ಚಿ ತೆಗೆಯುವ ಜಾರು ಮುಚ್ಚಳ ಇದ್ದರೆ ಮಲೆನಾಡಿಗೆ ಹೇಳಿ ಮಾಡಿಸಿದ್ದು. ಜೂನ್ ಬಂದ ಮೇಲೆ ಮುಚ್ಚಿಕೊಳ್ಳಬಹುದು.

ಯಾರು ತೂತಿನ ಹೆಲ್ಮೆಟ್ ಹಾಕಬಾರದು?

ಕರೆಂಟ್ ಕೆಲಸದವರು, ಮೆಸ್ಕಾಂ ಲೈನ್ ಹತ್ತಿರ ಹಾದುಹೋಗುವ ಕಡೆ ಮೋಲ್ಡಿನ ಮೇಲೆ ಕೆಲಸ ಮಾಡುವವರು. ಅವರಿಗೆ ತೂತಿಲ್ಲದ, ವಿದ್ಯುತ್ ತಡೆಯುವ ಹೆಲ್ಮೆಟ್ಟೇ ಬೇಕು. ಅಂಥ ಹೆಲ್ಮೆಟ್ ಇದೆ ಅಂತ ಲೈನ್ ಹತ್ತಿರ ಕಂಬಿ ಎತ್ತಬಹುದು ಅಂತಲ್ಲ. ಲೈನ್ ಆಫ್ ಮಾಡಿಸಿ ಅಥವಾ ಸ್ಥಳಾಂತರ ಮಾಡಿಸಿಯೇ ಕೆಲಸ. ಮೇಲಿಂದ ಬೆಸುಗೆ ಕಿಡಿ ಬೀಳುವ ಕಡೆಯೂ ತೂತಿನದು ಬೇಡ.

ನಮ್ಮ ಹೆಲ್ಮೆಟ್ಟಿಗೇ ಡ್ರಿಲ್ ಹಾಕಿ ನಾಲ್ಕು ತೂತು ಮಾಡಿದರೆ?

ಬೇಡ. ಪೆಟ್ಟು ಬಿದ್ದಾಗ ಬಿರುಕು ಶುರುವಾಗುವುದೇ ಆ ತೂತಿನ ಅಂಚಿನಿಂದ. ಡ್ರಿಲ್ ಹಾಕಿದ ಹೆಲ್ಮೆಟ್ಟನ್ನು ನಾನು ವಾಪಸ್ ಪಡೆದು, ಎರಡು ತುಂಡು ಮಾಡಿ ಬಿಸಾಡುತ್ತೇನೆ. ಇಲ್ಲದಿದ್ದರೆ ಅದು ಇನ್ಯಾರದೋ ತಲೆಗೆ ಹೋಗುತ್ತೆ.

ಬಿಳಿ ಬಣ್ಣದ್ದು ತಂಪು ಅಂತಾರೆ, ನಿಜವಾ?

ಬಿಸಿಲಿನಲ್ಲಿ ನಿಜ. ಬಿಳಿ, ತಿಳಿ ಹಳದಿ ಬಿಸಿಲನ್ನು ಹಿಂದಕ್ಕೆ ಹೊಡೆಯುತ್ತವೆ, ಕಡು ನೀಲಿ, ಕೆಂಪು ಕಾಯುತ್ತವೆ. ನಮ್ಮಲ್ಲಿ ಬಿಳಿ ಇಂಜಿನಿಯರಿಗೆ ಅನ್ನುವ ರೂಢಿ ಇದೆ. ಬಿಸಿಲಲ್ಲಿ ದಿನವಿಡೀ ಇರುವವರಿಗೇ ತಿಳಿ ಬಣ್ಣ ಕೊಡಬೇಕು ಅಂತ ನನ್ನ ಅಭಿಪ್ರಾಯ. ಪೇಂಟ್ ಹೊಡೆದು ಬಿಳಿ ಮಾಡಬೇಡಿ, ಪೇಂಟಿನಲ್ಲಿರುವ ಥಿನ್ನರ್ ಪ್ಲಾಸ್ಟಿಕ್ಕನ್ನು ತಿನ್ನುತ್ತೆ.

ಹೆಣ್ಣುಮಕ್ಕಳು ಸಿಂಬೆ ಇಟ್ಟು ಬಾಂಡ್ಲಿ ಹೊರುವಾಗ ಏನು ಮಾಡೋದು?

ಅಕ್ಕಂದಿರು ಹೇಳೋದು ಸರಿಯಾಗಿಯೇ ಇದೆ: ಹೆಲ್ಮೆಟ್ ಮೇಲೆ ಬಾಂಡ್ಲಿ ನಿಲ್ಲುವುದಿಲ್ಲ. ಸಿಂಬೆಯನ್ನು ಹೆಲ್ಮೆಟ್ ಒಳಗೆ ಇಟ್ಟರೆ ಮೇಲೆ ಹೇಳಿದ ಬೈರಾಸಿನ ಕಥೆಯೇ. ಹೆಲ್ಮೆಟ್ ಮೇಲೆ ಭಾರ ಹೊರಿಸಿದರೆ ಅಡ್ಡಪಟ್ಟಿಗಳು ದಿನವೂ ಜಗ್ಗಿ ಸಡಿಲವಾಗುತ್ತವೆ, ನಿಜವಾಗಿ ಇಟ್ಟಿಗೆ ಬಿದ್ದ ದಿನ ತಡೆಯುವುದಿಲ್ಲ. ನಾನು ಕಂಡುಕೊಂಡ ದಾರಿ, ಮೇಲೆ ಕೆಲಸ ನಡೆಯುವ ಕಡೆ ತಲೆ ಹೊರೆಯನ್ನೇ ನಿಲ್ಲಿಸೋದು. ರಾಟೆ ಅಥವಾ ಸಣ್ಣ ಲಿಫ್ಟ್ ಹಾಕಿ, ಕೆಳಗೆ ಕೈಗಾಡಿ ಕೊಡಿ.

ತುರುಬು ನೆತ್ತಿಯ ಹಿಂದೆ ಎತ್ತರಕ್ಕೆ ಇದ್ದರೆ ಹೆಲ್ಮೆಟ್ ಹಣೆಗೆ ಜಾರುತ್ತೆ. ಜಡೆಯನ್ನು ಕತ್ತಿನ ಬುಡಕ್ಕೆ ಕಟ್ಟಿಕೊಂಡರೆ ಸರಿಯಾಗಿ ಕೂರುತ್ತೆ, ಗಾಳಿಯೂ ಆಡುತ್ತೆ.

ತಲೆ ಕೆರೆತ, ಹಣೆಯಲ್ಲಿ ಬೆವರುಗುಳ್ಳೆ ಬರ್ತಿದೆ. ಏನು ಮಾಡಲಿ?

ಬ್ಯಾಂಡ್, ಟೋಪಿ ದಿನಾ ಒಗೆಯಬೇಕು. ಒಳಪಟ್ಟಿಯನ್ನು ವಾರಕ್ಕೊಮ್ಮೆ ಬಿಚ್ಚಿ ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಪೆಟ್ರೋಲ್, ಥಿನ್ನರ್ ಮುಟ್ಟಿಸಬೇಡಿ. ಒಬ್ಬರ ಹೆಲ್ಮೆಟ್ ಒಬ್ಬರಿಗೇ. ಒಳಪಟ್ಟಿಗೆ ಹೆಸರಿನ ಟೇಪ್ ಸುತ್ತಿದರೆ ಅದಲು ಬದಲಾಗುವುದಿಲ್ಲ.

ಮಳೆಗಾಲದಲ್ಲಿ ಏನೂ ಒಣಗಲ್ಲ ಅಂತ ಬಚ್ಚಲ ಒಲೆಯ ಮೇಲೆ ಹೆಲ್ಮೆಟ್ ನೇತು ಹಾಕುತ್ತಾರೆ. ಬ್ಯಾಂಡ್, ಟೋಪಿ ಅಲ್ಲಿ ಒಣಗಲಿ, ತೊಂದರೆ ಇಲ್ಲ. ಚಿಪ್ಪು, ಪಟ್ಟಿ ಬೇಡ, ಬಿಸಿಗೆ ಸೊಟ್ಟಗಾಗುತ್ತವೆ. ಗುಳ್ಳೆ ಕೀವು ಕಟ್ಟಿದರೆ ಅಥವಾ ಸುತ್ತು ಸುತ್ತಾಗಿ ಹುಳುಕಡ್ಡಿ ಥರ ಹರಡಿದರೆ ಡಾಕ್ಟರಿಗೆ ತೋರಿಸಿ.

ಬಿಸಿಲಿಗೆ ಹೆಲ್ಮೆಟ್ ಹಾಳಾಗಿದೆ ಅಂತ ಹೇಗೆ ಗೊತ್ತಾಗುತ್ತೆ?

ಬಣ್ಣ ಮಾಸಿ, ಬೆರಳಾಡಿಸಿದರೆ ಸುಣ್ಣದ ಹಾಗೆ ಪುಡಿ ಹತ್ತಿದರೆ ಅದರ ಕಾಲ ಮುಗಿದಿದೆ. ಎರಡೂ ಕೈಯಲ್ಲಿ ಪಕ್ಕಗಳನ್ನು ಒಂದು ಇಂಚಿನಷ್ಟು ಒಳಕ್ಕೆ ಒತ್ತಿ ಬಿಡಿ. ಚಟಪಟ ಸದ್ದು ಬಂದರೆ, ಮೊದಲಿನ ಆಕಾರಕ್ಕೆ ಬೇಗ ಬರದಿದ್ದರೆ ಬದಲಿಸಿ. ಚಿಪ್ಪಿನ ಒಳಗೆ ಗಡಿಯಾರದ ಥರ ಒಂದು ಗುಂಡು ಗುರುತು ಇರುತ್ತೆ. ನಡುವೆ ವರ್ಷ, ಬಾಣ ತೋರಿಸುವುದು ತಯಾರಾದ ತಿಂಗಳು. ಒಳಪಟ್ಟಿಯನ್ನು ವರ್ಷಕ್ಕೊಮ್ಮೆ, ಚಿಪ್ಪನ್ನು ಕಂಪನಿ ಹೇಳಿದ ಅವಧಿಗೆ ಬದಲಿಸಬೇಕು. ಬಿಸಿಲಲ್ಲೇ ಬಿದ್ದಿರುವ ಹೆಲ್ಮೆಟ್ ಅದಕ್ಕೂ ಮೊದಲೇ ಹೋಗುತ್ತೆ. ಊಟದ ಹೊತ್ತಿನಲ್ಲಿ ನೆರಳಿಗೆ ಇಡಿ, ಹಾಕಿಕೊಳ್ಳುವಾಗ ಕಾದಿರುವುದೂ ಇಲ್ಲ.

ಬೈಕ್ ಹೆಲ್ಮೆಟ್ ಹಾಕಿದರೆ ಆಗಲ್ವಾ?

ಆಗಲ್ಲ. ಅದು ಬೈಕ್ ಹೆಲ್ಮೆಟ್ಟಿನ ಮಾನಕ ಐಎಸ್ 4151ರ ಪ್ರಕಾರ, ಒಳಗೆ ಥರ್ಮೋಕೋಲ್ ತುಂಬಿ ಮಾಡಿದ್ದು. ಬಿಸಿಲಲ್ಲಿ ಕೂತು ಕೆಲಸ ಮಾಡೋಕೆ ಆಗುವುದೇ ಇಲ್ಲ. ಸೈಟಿಗೆ ಐಎಸ್ 2925 ಅಂತ ಬರೆದಿರುವ, ಐಎಸ್‌ಐ ಗುರುತು ಇರುವುದನ್ನು ಕೇಳಿ ತೆಗೆದುಕೊಳ್ಳಿ.

ಇಷ್ಟೆಲ್ಲ ಮಾಡಿದರೆ ಬಿಸಿಲು ಬಡಿಯೋದು ತಪ್ಪುತ್ತಾ?

ಇಲ್ಲ. ಈ ಪ್ರಶ್ನೆ ಯಾರೂ ಕೇಳದಿದ್ದರೂ ನಾನೇ ಹೇಳುತ್ತೇನೆ. ತಲೆ ಅನ್ನೋದು ಮೈಯ ಸಣ್ಣ ಭಾಗ. ತಲೆ ತಂಪಾಗಿದೆ ಅಂತ ಅನಿಸಿದರೂ ಒಳಗೆ ಮೈ ಕಾಯುತ್ತಲೇ ಇರಬಹುದು. ಒಳ್ಳೆಯ ಬ್ಯಾಂಡ್ ಕೊಟ್ಟಿದ್ದೇವೆ, ಇನ್ನು ಮಧ್ಯಾಹ್ನವೂ ಮೋಲ್ಡ್ ಮೇಲೆ ಕೆಲಸ ನಡೆಯಲಿ ಅನ್ನುವ ಲೆಕ್ಕ ತಪ್ಪು. ನಮ್ಮಲ್ಲಿ ಏಪ್ರಿಲ್, ಮೇನಲ್ಲಿ ಬೆಳಿಗ್ಗೆ ಏಳಕ್ಕೇ ಶುರು ಮಾಡಿ ಹನ್ನೆರಡರಿಂದ ಮೂರರವರೆಗೆ ಮೇಲಿನ ಕೆಲಸ ನಿಲ್ಲಿಸುತ್ತೇವೆ. ಹದಿನೈದು ಇಪ್ಪತ್ತು ನಿಮಿಷಕ್ಕೆ ಒಂದು ಲೋಟ ನೀರು ಕುಡಿಯಬೇಕು, ಬಾಯಾರಿಕೆಗೆ ಕಾಯಬಾರದು.

ಯಾರಾದರೂ ಅಡ್ಡಾದಿಡ್ಡಿ ಮಾತಾಡಿದರೆ, ತೂರಾಡಿದರೆ, ಮೈ ಕೆಂಡದ ಹಾಗೆ ಸುಡುತ್ತಿದ್ದರೆ ಅದು ಸುಸ್ತು ಅಲ್ಲ. ಬೆವರು ಬರುತ್ತಿದ್ದರೂ ಅಪಾಯವೇ. ತಕ್ಷಣ ನೆರಳಿಗೆ ತಂದು, ಹೆಲ್ಮೆಟ್, ಅಂಗಿ ತೆಗೆದು, ಮೈ ಮೇಲೆಲ್ಲ ನೀರು ಸುರಿಯುತ್ತಾ ಗಾಳಿ ಹಾಕಿ, 108ಕ್ಕೆ ಫೋನ್ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ಆಂಬುಲೆನ್ಸ್ ಬರುವವರೆಗೆ ನೀರು ಸುರಿಯುವುದನ್ನು ನಿಲ್ಲಿಸಬೇಡಿ.